"ಆಗಲ್ಲ" ಅಂತ ಕಳಿಸುವ ಮುಂಚೆ: ಮೀಟಿಂಗಿಗೆ ಬೇರೆ ಸಮಯ ಕೇಳುವ ಬಗೆ

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಒಂದು ಗುಂಪಿನ ಆಫೀಸ್ ಕೆಲಸ ನೋಡಿಕೊಳ್ಳುತ್ತೇನೆ. ಬೆಳೆಯುವವರನ್ನೂ ಕೊಳ್ಳುವವರನ್ನೂ ಒಂದೇ ಮೇಜಿನ ಮುಂದೆ ಕೂರಿಸೋಕೆ ಸಮಯ ಹೊಂದಿಸೋದು ನನ್ನ ದಿನದ ಅರ್ಧ ಕೆಲಸ. ಇದೆಲ್ಲ ನಡೆಯೋದು ವಾಟ್ಸಾಪಿನಲ್ಲಿ. ಮಾತು ಕೆಡೋದೂ ಅಲ್ಲೇ.

ಒಂದು ಡಿಸೆಂಬರ್‌ನಲ್ಲಿ ನಡೆದದ್ದು. ಬೆಂಗಳೂರಿನ ಒಂದು ಖರೀದಿ ಆಫೀಸಿನ ಮೇಡಂ ಮೂಡಿಗೆರೆ ಕಡೆಯ ಬೆಳೆಗಾರರೊಬ್ಬರಿಗೆ ಶುಕ್ರವಾರ ರಾತ್ರಿ ಹೀಗೆ ಬರೆದರು:

"ನಮಸ್ಕಾರ ಸರ್. 16 ಮಂಗಳವಾರ ಬೆಳಿಗ್ಗೆ 10ಕ್ಕೆ ಚಿಕ್ಕಮಗಳೂರಿನಲ್ಲಿ ಕಪ್ಪಿಂಗ್ ಇಟ್ಟುಕೊಂಡಿದ್ದೇವೆ. ನಿಮ್ಮ ಈ ವರ್ಷದ ಅರೇಬಿಕಾ ರುಚಿ ನೋಡಿ, ಹಾಗೇ ರೇಟ್ ಮಾತಾಡೋಣ. ಬರುತ್ತೀರಾ?"

ಅವರ ಉತ್ತರ ಎರಡೇ ಪದ: "ಆಗಲ್ಲ. ಕೊಯ್ಲು."

ಅವರಿಗೆ ಇದರಲ್ಲಿ ಒರಟುತನ ಏನೂ ಕಾಣಲಿಲ್ಲ. ಕೈತುಂಬ ಕೆಲಸ, ಮನೆಗೆ ಬಂದಾಗ ರಾತ್ರಿ ಒಂಬತ್ತು, ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಮೇಡಂ ಮಾತ್ರ ಇದನ್ನು "ನಿಮಗೆ ಮಾರುವ ಮನಸ್ಸಿಲ್ಲ" ಅಂತ ಓದಿಕೊಂಡರು. ಆ ಜಾಗಕ್ಕೆ ಬೇರೆ ತೋಟದ ಸ್ಯಾಂಪಲ್ ಬಂತು. ಒಂದು ವಾರದ ಮೇಲೆ ಬೆಳೆಗಾರರು ನನಗೆ ಫೋನ್ ಮಾಡಿ, "ಅವರು ಮತ್ತೆ ಮಾತೇ ಆಡ್ಲಿಲ್ವಲ್ಲ" ಅಂದರು. ಅವರಿಗೆ ಆಗದೇ ಇದ್ದದ್ದು ಆ ಮಂಗಳವಾರದ ಬೆಳಿಗ್ಗೆ ಒಂದೇ. ಆ ಸಂಗತಿ ಮಾತ್ರ ಉತ್ತರದಲ್ಲಿ ಇರಲಿಲ್ಲ.

ಆ ಎರಡು ಪದದ ಉತ್ತರವನ್ನೇ ಇಟ್ಟುಕೊಂಡು, ಅದನ್ನು ಹೇಗೆ ಬರೆಯಬಹುದಿತ್ತು ಅಂತ ಒಂದೊಂದೇ ಹೆಜ್ಜೆಯಾಗಿ ನೋಡೋಣ.

ಮೊದಲು, ಆಗದೇ ಇರೋದು ಯಾವುದು ಅಂತ ಬಿಡಿಸಿಕೊಳ್ಳಿ

ಉತ್ತರ ಟೈಪ್ ಮಾಡುವ ಮುಂಚೆ ಒಂದು ನಿಮಿಷ ಸಾಕು. ಕರೆದವರಿಗೆ ಬೇಕಾದದ್ದು ನೀವೇ ಖುದ್ದಾಗಿ ಬರೋದಾ, ನಿಮ್ಮ ಒಪ್ಪಿಗೆಯಾ, ಅಥವಾ ನಿಮ್ಮ ಕೈಲಿರುವ ಕಾಗದವೋ ವಸ್ತುವೋ?

ಈ ಕರೆಯಲ್ಲಿ ಎರಡು ಕೆಲಸ ಸೇರಿಕೊಂಡಿದ್ದವು. ಒಂದು ಕಪ್ಪಿಂಗ್, ಅಂದರೆ ಕಾಫಿಯ ರುಚಿ ನೋಡುವುದು, ಇನ್ನೊಂದು ರೇಟ್ ಮಾತಾಡುವುದು. ರುಚಿ ನೋಡೋಕೆ ಬೆಳೆಗಾರರು ಬೇಕಿಲ್ಲ, ಅವರ ಕಾಫಿ ಬೇಕು. ಅದೂ ಮುಂಚೆಯೇ ಬೇಕು. ಕಪ್ಪಿಂಗ್‌ಗೆ ಬೀಜವನ್ನು ಹಿಂದಿನ ದಿನವೇ ಹುರಿದು, ಕಡಿಮೆ ಅಂದರೆ ಎಂಟು ಗಂಟೆ ಹಾಗೇ ಬಿಟ್ಟು, ಇಪ್ಪತ್ತನಾಲ್ಕು ಗಂಟೆಯ ಒಳಗೆ ರುಚಿ ನೋಡುವುದು ರೂಢಿ. ಮಂಗಳವಾರ ಬೆಳಿಗ್ಗೆ 10ಕ್ಕೆ ಕಪ್ಪಿಂಗ್ ಅಂದರೆ ಸೋಮವಾರ ಮಧ್ಯಾಹ್ನದ ಮೇಲೆ ಹುರಿಯಬೇಕು. ಸ್ಯಾಂಪಲ್ ಸೋಮವಾರ ಮಧ್ಯಾಹ್ನ 12ರ ಒಳಗೆ ಅವರ ಕೈ ಸೇರಬೇಕು. ಅದನ್ನು ತಮ್ಮನ ಕೈಲಿ ಕಳಿಸಿದರೂ ನಡೆಯುತ್ತದೆ.

ರೇಟ್ ಮಾತಾಡೋಕೆ ಮಾತ್ರ ಅವರೇ ಬೇಕು. ಅದಕ್ಕೆ ಮಂಗಳವಾರವೇ ಆಗಬೇಕು ಅಂತೇನೂ ಇಲ್ಲ.

ಹೀಗೆ ಬಿಡಿಸಿ ನೋಡಿದರೆ ಪೂರ್ತಿ "ಇಲ್ಲ" ಅನ್ನುವ ಪ್ರಸಂಗಗಳು ಬಹಳ ಕಡಿಮೆ. ಸೊಸೈಟಿ ಮೀಟಿಂಗಿಗೆ ಬರಲಾಗದವರು ಲೆಕ್ಕದ ಕಾಗದವನ್ನು ಹಿಂದಿನ ದಿನ ಕಳಿಸಬಹುದು. ಹಾಸನದ ಮನೆಯಲ್ಲಿ ಕೂತು ಬೆಂಗಳೂರಿನ ಆಫೀಸ್ ಕೆಲಸ ಮಾಡುವ ಹುಡುಗಿ ಒಂದು ಗಂಟೆಯ ವೀಡಿಯೋ ಮೀಟಿಂಗಿನ ಮೊದಲ ಕಾಲು ಗಂಟೆ ಮಾತ್ರ ಇರುತ್ತೇನೆ ಅನ್ನಬಹುದು.

ಕ್ರಿಯಾಪದ ಆರಿಸಿಕೊಳ್ಳುವ ಜಾಗ ಇದು

ನಮ್ಮ ಭಾಷೆಯಲ್ಲಿ ಈ ಮೂರೂ ಬೇರೆ ಬೇರೆ ಮಾತು:

"ಬರಲ್ಲ." ಇದು ಮನಸ್ಸಿನ ಮಾತು. ಬರುವ ಇಷ್ಟ ಇಲ್ಲ, ತೀರ್ಮಾನ ಆಗಿದೆ.

"ಬರೋಕೆ ಆಗಲ್ಲ." ಇಷ್ಟದ ಮಾತು ಇದರಲ್ಲಿಲ್ಲ, ಆದರೆ ಬಾಗಿಲು ಮುಚ್ಚಿದೆ. ಇವತ್ತು ಮಾತ್ರವಾ, ಯಾವತ್ತೂ ಆಗಲ್ಲವಾ ಅನ್ನೋದು ಗೊತ್ತಾಗೋಲ್ಲ.

"ಆ ಹೊತ್ತಿಗೆ ಬರೋಕೆ ಆಗ್ತಿಲ್ಲ." ಇದು ಈಗಿನ ಸ್ಥಿತಿ ಹೇಳುತ್ತದೆ. ಪ್ರಯತ್ನಪಟ್ಟೆ, ಆ ಹೊತ್ತು ಹೊಂದುತ್ತಿಲ್ಲ ಅನ್ನುವ ಧ್ವನಿ "ಆಗ್ತಿಲ್ಲ"ದ ಒಳಗೇ ಇದೆ.

ಬರೀ "ಆಗಲ್ಲ" ಅಂದಾಗ ಓದುವವರಿಗೆ ಏನಾಗಲ್ಲ ಅನ್ನೋದೇ ತಿಳಿಯೋಲ್ಲ. ಬರೋದಾ, ಮಾರೋದಾ, ಇವರ ಜೊತೆ ವ್ಯವಹಾರವೇ ಆಗಲ್ಲವಾ? ಎದುರಿಗೆ ನಿಂತಿದ್ದರೆ ಮುಖ ನೋಡಿ ಅರ್ಥ ಮಾಡಿಕೊಳ್ಳಬಹುದು. ಫೋನಿನಲ್ಲಾದರೆ ದನಿ ಇದೆ. ಚಾಟ್‌ನಲ್ಲಿ ಇವೆರಡೂ ಇಲ್ಲ. ಅದಕ್ಕೆ "ಆಗಲ್ಲ"ದ ಹಿಂದೆ ದಿನವನ್ನೂ ಹೊತ್ತನ್ನೂ ಸೇರಿಸಲೇಬೇಕು. ಜೊತೆಗೆ "ಮಾತ್ರ" ಅನ್ನುವ ಪದ ಇದ್ದರೆ ಇನ್ನೂ ಒಳ್ಳೆಯದು:

"16 ಮಂಗಳವಾರ ಬೆಳಿಗ್ಗೆ ಮಾತ್ರ ನನಗೆ ಬರೋಕೆ ಆಗ್ತಿಲ್ಲ."

ಈ ಒಂದು "ಮಾತ್ರ" ಉಳಿದ ದಿನಗಳನ್ನೆಲ್ಲ ತೆರೆದಿಡುತ್ತದೆ. ಇಡೀ ಉತ್ತರದಲ್ಲಿ ಒಂದೇ ಒಂದು ತಿದ್ದುಪಡಿ ಮಾಡೋಕೆ ಅವಕಾಶ ಇದ್ದರೆ ನಾನು ಇದನ್ನೇ ಮಾಡುತ್ತೇನೆ.

"ನೋಡೋಣ" ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮುಖ ಮುರಿಯಬಾರದು ಅಂತ ನಾವು ತುಂಬ ಬಳಸುವ ಪದ. ಮಲೆನಾಡಿನವರು ಮಲೆನಾಡಿನವರಿಗೆ "ನೋಡೋಣ" ಅಂದರೆ ಬಹಳ ಸಲ ಅದು ಮೆತ್ತಗಿನ "ಇಲ್ಲ". ಹೊರಗಿನವರಿಗೆ ಅದು "ಬಹುಶಃ ಬರುತ್ತಾರೆ" ಅಂತ ಕೇಳುತ್ತದೆ. ಅವರು ಕುರ್ಚಿ ಹಾಕಿಸಿ ಕಾಯುತ್ತಾರೆ. ಮನಸ್ಸಿನಲ್ಲಿ "ಇಲ್ಲ" ಅಂತ ಇದ್ದಾಗ "ನೋಡೋಣ" ಬರೆಯಬೇಡಿ. ನಿಜಕ್ಕೂ ನೋಡಬೇಕಾಗಿದ್ದರೆ, ಯಾವಾಗ ತಿಳಿಸುತ್ತೀರಿ ಅನ್ನೋದನ್ನು ಸೇರಿಸಿ: "ತೋಟದ ಆಳುಗಳನ್ನು ನೋಡಿಕೊಳ್ಳುವ ರೈಟರ್ ವಾಪಸ್ ಬರ್ತಾರಾ ಅಂತ ನೋಡಿ ನಾಳೆ ರಾತ್ರಿ 8ಕ್ಕೆ ಖಚಿತ ಹೇಳುತ್ತೇನೆ."

ಕಾರಣ ಒಂದೇ ಸಾಲು, ಆ ದಿನಕ್ಕೆ ಸೇರಿದ್ದು

"ಕೊಯ್ಲು" ಅನ್ನೋದು ನಿಜವಾದ ಕಾರಣವೇ. ಆದರೆ ಕೊಯ್ಲು ಒಂದು ದಿನದ್ದಲ್ಲ. ಅರೇಬಿಕಾ ನವೆಂಬರ್‌ನಿಂದ ಜನವರಿವರೆಗೆ, ಆಮೇಲೆ ರೋಬಸ್ಟಾ. "ಕೊಯ್ಲು ಇದೆ" ಅಂದರೆ ಕೇಳಿದವರಿಗೆ "ಇನ್ನು ಮೂರು ತಿಂಗಳು ಸಿಗೋಲ್ಲ" ಅಂತಲೇ ಅನಿಸುತ್ತದೆ. "ಬ್ಯುಸಿ", "ಕೆಲಸ ಇದೆ" ಅನ್ನುವ ಉತ್ತರಗಳಲ್ಲೂ ಇದೇ ತೊಂದರೆ. ಯಾವ ದಿನ ಮುಗಿಯುತ್ತದೆ ಅನ್ನೋದು ಅವುಗಳಲ್ಲಿ ಇಲ್ಲ.

ಅವರನ್ನು ಆಮೇಲೆ ವಿಚಾರಿಸಿದೆ. ನಿಜವಾದ ಕಾರಣ ಬೇರೆ ಇತ್ತು. ತೋಟದ ರೈಟರ್ ಊರಿಗೆ ಹೋಗಿದ್ದರು, ಬರೋದು ಬುಧವಾರ ರಾತ್ರಿ. ಅಲ್ಲಿವರೆಗೆ ಬೆಳಿಗ್ಗೆ ಆಳುಗಳಿಗೆ ಸಾಲು ಹಂಚುವುದೂ ಸಂಜೆ ಹಣ್ಣು ತೂಕ ಹಾಕುವುದೂ ಇವರ ತಲೆ ಮೇಲೆ. ತೂಕ ಆದ ಮೇಲೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಹಾಕಬೇಕು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡದಿದ್ದರೆ ಹುಳಿ ಬಂದು ಕಾಫಿಯ ರುಚಿ ಕೆಡುತ್ತದೆ. ಆ ಕೆಲಸ ನಾಳೆಗೆ ಇಡೋ ಹಾಗಿಲ್ಲ.

ಇದನ್ನೆಲ್ಲ ಬರೆಯಬೇಕಾ? ಬೇಡ. ಉದ್ದ ಕಾರಣ ಕೊಟ್ಟಷ್ಟೂ ನೆಪ ಹೇಳಿದ ಹಾಗೆ ಕಾಣುತ್ತದೆ. "ನಮ್ಮ ರೈಟರ್ ಬುಧವಾರದವರೆಗೆ ರಜೆ, ಆಳುಗಳನ್ನು ನಾನೇ ನೋಡಬೇಕು." ಇಷ್ಟು ಸಾಕು. ಇದರಲ್ಲಿ ಒಂದು ದಿನದ ಹೆಸರಿದೆ, ಅದರಾಚೆ ಬಿಡುವಾಗುತ್ತೆ ಅನ್ನೋದು ತಾನಾಗಿ ತಿಳಿಯುತ್ತದೆ.

ಮನೆಯ ವಿಷಯ, ಆರೋಗ್ಯದ ವಿಷಯ ಆಗಿದ್ದರೆ ವಿವರ ಕೊಡಲೇಬೇಕು ಅಂತಿಲ್ಲ. "ಮನೆಯಲ್ಲಿ ಒಂದು ಕೆಲಸ ಇದೆ, ಅವತ್ತು ಬಿಡೋಕೆ ಆಗ್ತಿಲ್ಲ" ಅಂದರೆ ಯಾರೂ ಕೆದಕೋಲ್ಲ. ಇಲ್ಲದ ಕಾರಣ ಮಾತ್ರ ಹೇಳಬೇಡಿ. ಊರು ಸಣ್ಣದು, "ಬೆಂಗಳೂರಿಗೆ ಹೋಗಿದ್ದೆ" ಅಂದವರನ್ನು ಅವತ್ತೇ ಚಿಕ್ಕಮಗಳೂರಿನ ಎಂ.ಜಿ. ರೋಡಿನಲ್ಲಿ ಯಾರಾದರೂ ನೋಡಿರುತ್ತಾರೆ.

ಬೇರೆ ಸಮಯ: ಎರಡು ಕೊಡಿ, ತಾರೀಖಿನ ಸಮೇತ

"ಬೇರೆ ದಿನ ಇಟ್ಕೊಳ್ಳಿ" ಅಂದರೆ ದಿನ ಹುಡುಕುವ ಕೆಲಸ ಪೂರ್ತಿ ಎದುರಿನವರ ಮೇಲೆ ಬೀಳುತ್ತದೆ. "ನೀವು ಯಾವಾಗ ಹೇಳಿದರೂ ಸರಿ" ಅಂದರೂ ಅಷ್ಟೇ. ಅದೂ ಅಲ್ಲದೆ, ಅವರು ಹೇಳಿದ ಹೊತ್ತಿಗೆ ನಿಮಗೆ ಮತ್ತೆ ಆಗದೇ ಹೋಗಬಹುದು. ಒಂದೇ ಸಮಯ ಕೊಟ್ಟರೆ ಅಪ್ಪಣೆ ಕೊಟ್ಟ ಹಾಗಿರುತ್ತದೆ. ಐದಾರು ಕೊಟ್ಟರೆ ಓದುವವರು ಆಮೇಲೆ ನೋಡೋಣ ಅಂತ ಬಿಡುತ್ತಾರೆ. ನನ್ನ ಅನುಭವದಲ್ಲಿ ಎರಡು ಕೊಟ್ಟಾಗ ಬೇಗ ಉತ್ತರ ಬರುತ್ತದೆ.

ಆ ಎರಡನ್ನು ನಿಮ್ಮ ದಿನ ನೋಡಿಕೊಂಡು ಲೆಕ್ಕ ಹಾಕಿ. ಈ ಬೆಳೆಗಾರರಿಗೆ ರೈಟರ್ ಬಂದ ಮೇಲೆ, ಅಂದರೆ 18 ಗುರುವಾರದಿಂದ, ಹತ್ತೂವರೆಗೆ ತೋಟ ಬಿಡಬಹುದು. ಸಂಜೆ ನಾಲ್ಕಕ್ಕೆ ತೂಕ ಶುರು, ಅಷ್ಟರಲ್ಲಿ ವಾಪಸ್ ಇರಬೇಕು. ತೋಟದ ದಾರಿ, ಘಾಟಿಯ ತಿರುವು ಎಲ್ಲ ಸೇರಿ ಚಿಕ್ಕಮಗಳೂರಿಗೆ ಒಂದೂಕಾಲು ಗಂಟೆ. ಹನ್ನೆರಡಕ್ಕೆ ಕೂತರೆ ಎರಡರವರೆಗೆ ನೆಮ್ಮದಿಯಾಗಿ ಮಾತಾಡಬಹುದು. ಹಾಗಾಗಿ 18 ಗುರುವಾರ ಅಥವಾ 19 ಶುಕ್ರವಾರ, ಎರಡು ದಿನವೂ ಮಧ್ಯಾಹ್ನ 12.

ಇನ್ನೊಂದು ಮಾತು. ಹೊಸ ವ್ಯವಹಾರದ ರೇಟ್ ಮಾತಾಡುವಾಗ ರಾಹುಕಾಲ ನೋಡುವ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ. ಗುರುವಾರ ಅದು ಒಂದೂವರೆಯಿಂದ ಮೂರು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ನೀವು ನಂಬುತ್ತೀರೋ ಬಿಡುತ್ತೀರೋ, ಎದುರಿನವರ ಮನೆಯ ಹಿರಿಯರು ನಂಬುತ್ತಿದ್ದರೆ ಅದನ್ನು ಮೊದಲೇ ಗಮನಿಸಿ ಸಮಯ ಕೊಡಿ. ಇಲ್ಲದಿದ್ದರೆ ಒಪ್ಪಿದ ಸಮಯ ಹಿಂದಿನ ರಾತ್ರಿ ಮತ್ತೆ ಬದಲಾಗುತ್ತದೆ.

ಸಮಯ ಬರೆಯುವಾಗ ಕೈಕೊಡುವ ಪದಗಳು ಕೆಲವಿವೆ. "ಮುಂದಿನ ಮಂಗಳವಾರ" ಅಂದರೆ ಒಬ್ಬರಿಗೆ ಬರೋ ಮಂಗಳವಾರ, ಇನ್ನೊಬ್ಬರಿಗೆ ಅದರಾಚಿನದ್ದು. "ನಾಳಿದ್ದು" ಅಂತ ರಾತ್ರಿ ಹನ್ನೊಂದಕ್ಕೆ ಬರೆದು, ಅವರು ಬೆಳಿಗ್ಗೆ ಎದ್ದು ಓದಿದರೆ ಒಂದು ದಿನ ಜಾರಿಹೋಯಿತು. "ಸಂಜೆ" ಅಂದರೆ ತೋಟದಲ್ಲಿ ನಾಲ್ಕು, ಪೇಟೆಯ ಆಫೀಸಿನಲ್ಲಿ ಆರು. "ಊಟ ಆದ್ಮೇಲೆ" ಅನ್ನೋದಂತೂ ಮನೆಗೊಂದು ಥರ. ವಾರ, ತಾರೀಖು, ಗಂಟೆ ಮೂರನ್ನೂ ಬರೆಯಿರಿ. ತಾರೀಖು ತಪ್ಪಿದ್ದರೂ ವಾರ ನೋಡಿ ಅವರು ಕೇಳುತ್ತಾರೆ.

ಯಾರು, ಯಾವಾಗ ಖಚಿತ ಮಾಡಬೇಕು

ತೋಟದಲ್ಲಿ ನೆಟ್‌ವರ್ಕ್ ಸಿಗೋಲ್ಲ ಅನ್ನೋದು ನಮಗೆ ಗೊತ್ತು, ಬೆಂಗಳೂರಿನವರಿಗೆ ಹೊಳೆಯೋಲ್ಲ. ಅವರ ಮೆಸೇಜಿಗೆ ಒಂದೇ ಟಿಕ್ ಬಂದು ದಿನವಿಡೀ ಹಾಗೇ ಇದ್ದರೆ ಬೇಕಂತಲೇ ಫೋನ್ ಆಫ್ ಮಾಡಿದ್ದಾರೆ ಅಂದುಕೊಳ್ಳುತ್ತಾರೆ. ಯಾವ ಹೊತ್ತಿಗೆ ಫೋನ್ ನೋಡುತ್ತೀರಿ ಅನ್ನೋದನ್ನು ಬರೆದುಬಿಡಿ. ಅವರು ಯಾವಾಗಿನ ಒಳಗೆ ತಿಳಿಸಿದರೆ ನಿಮಗೆ ಅನುಕೂಲ ಅನ್ನೋದನ್ನೂ ಕೇಳಿಕೊಳ್ಳಿ.

ಎಲ್ಲ ಸೇರಿಸಿದರೆ ಆ ಉತ್ತರ ಹೀಗಾಗುತ್ತದೆ:

"ಮೇಡಂ, ನಮಸ್ಕಾರ. ಕಪ್ಪಿಂಗ್‌ಗೆ ಕರೆದದ್ದು ಖುಷಿಯಾಯಿತು. 16 ಮಂಗಳವಾರ ಬೆಳಿಗ್ಗೆ ಮಾತ್ರ ನನಗೆ ಬರೋಕೆ ಆಗ್ತಿಲ್ಲ. ನಮ್ಮ ರೈಟರ್ ಬುಧವಾರದವರೆಗೆ ರಜೆ, ಆಳುಗಳನ್ನು ನಾನೇ ನೋಡಬೇಕು.

ಸ್ಯಾಂಪಲ್ ನನ್ನ ತಮ್ಮ 15 ಸೋಮವಾರ ಮಧ್ಯಾಹ್ನ 12ರ ಒಳಗೆ ತಂದುಕೊಡುತ್ತಾನೆ. ನೀವು ಮಂಗಳವಾರವೇ ರುಚಿ ನೋಡಿ. ರೇಟ್ ಮಾತಾಡೋಕೆ 18 ಗುರುವಾರ ಅಥವಾ 19 ಶುಕ್ರವಾರ, ಮಧ್ಯಾಹ್ನ 12ಕ್ಕೆ ನಾನೇ ಚಿಕ್ಕಮಗಳೂರಿಗೆ ಬರುತ್ತೇನೆ.

ಯಾವುದು ಅನುಕೂಲ ಅಂತ ಭಾನುವಾರ ರಾತ್ರಿ 8ರ ಒಳಗೆ ತಿಳಿಸಿದರೆ ಸಾಕು. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ರಾತ್ರಿ ಮನೆಗೆ ಬಂದು ನೋಡುತ್ತೇನೆ."

ವಾಟ್ಸಾಪಿಗೆ ಇದು ಉದ್ದವೇ. ಹೊಸಬರಿಗೆ, ವ್ಯವಹಾರದ ಮೊದಲ ಮಾತಿಗೆ ಈ ಉದ್ದ ಇರಲಿ. ದಿನವೂ ಮಾತಾಡುವವರಿಗೆ ಎರಡು ಸಾಲು ಸಾಕು: "ಮಂಗಳವಾರ ಬೆಳಿಗ್ಗೆ ಮಾತ್ರ ಆಗ್ತಿಲ್ಲ ಮೇಡಂ, ರೈಟರ್ ಇಲ್ಲ. 18 ಅಥವಾ 19ಕ್ಕೆ ಮಧ್ಯಾಹ್ನ 12 ಆಗಬಹುದಾ?" ಇಲ್ಲೂ "ಮಾತ್ರ" ಇದೆ, ಕಾರಣ ಇದೆ, ಎರಡು ದಿನ ಇದೆ.

"ಸಾರಿ" ಎಲ್ಲೂ ಹಾಕಿಲ್ಲ, ಗಮನಿಸಿ. ಮೊದಲೇ ಒಪ್ಪಿಕೊಂಡು ಆಮೇಲೆ ಬಿಡುತ್ತಿದ್ದರೆ ಕ್ಷಮೆ ಕೇಳಬೇಕು, ಅದು ಬೇರೆ. ಕರೆದಾಗಲೇ ಬೇರೆ ಸಮಯ ಕೇಳೋದು ತಪ್ಪಲ್ಲ. ಅಲ್ಲಿ ಸಾರಿಗಿಂತ "ಕರೆದದ್ದು ಖುಷಿಯಾಯಿತು" ಅನ್ನೋದೇ ಹೆಚ್ಚು ಹತ್ತಿರ ತರುತ್ತದೆ.

ತಡ ಮಾಡಿದರೆ ಇಷ್ಟು ಚೆನ್ನಾಗಿ ಬರೆದದ್ದೂ ದಂಡ. ಇದೇ ಮೆಸೇಜನ್ನು ಸೋಮವಾರ ರಾತ್ರಿ ಕಳಿಸಿದ್ದರೆ? ಅಷ್ಟೊತ್ತಿಗೆ ಬೇರೆ ಸ್ಯಾಂಪಲ್‌ಗಳನ್ನು ಹುರಿದಾಗಿರುತ್ತದೆ, ನಿಮ್ಮದಕ್ಕೆ ಜಾಗ ಇರೋಲ್ಲ. ಕರೆದವರು ಆ ಮೀಟಿಂಗಿಗೋಸ್ಕರ ಯಾವಾಗಿನಿಂದ ತಯಾರಿ ಶುರು ಮಾಡುತ್ತಾರೋ, ಅದಕ್ಕೂ ಮುಂಚೆ ಉತ್ತರ ಸೇರಬೇಕು. ಬರೀ ಮಾತುಕತೆ ಆದರೆ ಹಿಂದಿನ ಸಂಜೆ ನಡೆಯುತ್ತದೆ. ಊಟಕ್ಕೆ ಹೇಳುವ ಮೀಟಿಂಗಾದರೆ ಎರಡು ದಿನ ಮುಂಚೆ.

ಕ್ಯಾಲೆಂಡರ್‌ನಲ್ಲಿ ಬಂದ ಕರೆಗೆ

ಹಾಸನ, ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ಕರೆ ಬರೋದು ವಾಟ್ಸಾಪಿನಲ್ಲಿ ಅಲ್ಲ, ಮೇಲ್‌ನಲ್ಲಿ. ಗೂಗಲ್ ಕ್ಯಾಲೆಂಡರ್‌ನಲ್ಲಿ Yes, No, Maybe ಅಂತ ಇರುತ್ತದೆ. ಬರೀ No ಒತ್ತಿ ಬಿಡೋದು ಆ "ಆಗಲ್ಲ"ಕ್ಕೆ ಸಮ. ಅಲ್ಲೇ Propose a new time ಅನ್ನುವ ಆಯ್ಕೆ ಇದೆ. ಹೊಸ ಹೊತ್ತು ಆರಿಸಿ, ಜೊತೆಗೆ ಒಂದು ಸಾಲು ಬರೆದು ಕಳಿಸಬಹುದು. ಔಟ್‌ಲುಕ್‌ನಲ್ಲಿ ಇದು ಎರಡು ಥರ ಇದೆ. ಹಳೆಯ ಹೊತ್ತಿಗೆ ಖಂಡಿತ ಆಗದಿದ್ದರೆ Decline and Propose New Time. ಕಷ್ಟಪಟ್ಟರೆ ಬರಬಹುದು, ಆದರೆ ಬೇರೆ ಹೊತ್ತು ಒಳ್ಳೆಯದು ಅನ್ನುವ ಹಾಗಿದ್ದರೆ Tentative and Propose New Time.

ಇಲ್ಲಿ ಜನ ಎಡವೋದು ಒಂದೇ ಕಡೆ. ನೀವು ಸಮಯ ಸೂಚಿಸಿದ ತಕ್ಷಣ ಮೀಟಿಂಗ್ ಬದಲಾಗೋಲ್ಲ. ಕರೆದವರು ಅದನ್ನು ನೋಡಿ ಒಪ್ಪಿ, ಹೊಸ ಹೊತ್ತಿಗೆ ಉಳಿಸಿದ ಮೇಲೆಯೇ ಎಲ್ಲರ ಕ್ಯಾಲೆಂಡರ್‌ನಲ್ಲಿ ಬದಲಾಗೋದು. ಅಲ್ಲಿವರೆಗೆ ಹಳೆಯ ಹೊತ್ತೇ ನಿಂತಿರುತ್ತದೆ. ಹತ್ತು ಜನ ಇರುವ ಮೀಟಿಂಗಿಗೆ ಈ ಬಟನ್ ಒತ್ತುವ ಮುಂಚೆ ಯೋಚಿಸಿ. ನಿಮ್ಮೊಬ್ಬರಿಗಾಗಿ ಒಂಬತ್ತು ಜನರ ದಿನ ಬದಲಾಗಬೇಕಾ? ಅಂಥ ಕಡೆ ಸಮಯ ಕೇಳೋದಕ್ಕಿಂತ ಹೀಗೆ ಬರೆಯೋದು ಒಳ್ಳೆಯದು: "ಈ ಹೊತ್ತಿಗೆ ನನಗೆ ಆಗ್ತಿಲ್ಲ, ನನಗೋಸ್ಕರ ಬದಲಾಯಿಸೋದು ಬೇಡ. ನನ್ನ ಭಾಗದ ಲೆಕ್ಕ ಇವತ್ತೇ ಕಳಿಸುತ್ತೇನೆ. ನನ್ನಿಂದ ತೀರ್ಮಾನ ಬೇಕಿದ್ದರೆ 5 ಗಂಟೆಯ ಮೇಲೆ ಫೋನ್ ಮಾಡಿ."

ಬೇರೆ ಸಮಯವೂ ಬೇಡ ಅನ್ನುವಾಗ

ಗೊಬ್ಬರದ ಕಂಪನಿಯವರು ತೋಟಕ್ಕೆ ಬಂದು ತೋರಿಸುತ್ತೇವೆ ಅನ್ನುತ್ತಾರೆ. ನಿಮಗೆ ಬೇಕಿಲ್ಲ. ಇಲ್ಲಿ ಬೇರೆ ದಿನ ಸೂಚಿಸಿದರೆ ಅವರು ಬಂದೇ ಬರುತ್ತಾರೆ, ಅವರಿಗೂ ಪೆಟ್ರೋಲ್ ದಂಡ. ದಾಕ್ಷಿಣ್ಯಕ್ಕೆ ದಿನ ಕೊಡಬೇಡಿ. "ಬೇಡ" ಅಂತ ಒಂದೇ ಪದದಲ್ಲಿ ಮುಗಿಸಲೂ ಬೇಡಿ. "ಈ ವರ್ಷದ ಗೊಬ್ಬರ ಆಗಲೇ ತಗೊಂಡಾಗಿದೆ ಸರ್, ಈಗ ಮೀಟಿಂಗ್ ಬೇಡ. ಬೇಕಾದಾಗ ನಾನೇ ಈ ನಂಬರಿಗೆ ಫೋನ್ ಮಾಡುತ್ತೇನೆ." ಕೊನೆಯ ಸಾಲು ನಿಜವಾಗಿದ್ದರೆ ಮಾತ್ರ ಬರೆಯಿರಿ.

ಹಿರಿಯರು, ನೆಂಟರು ಕರೆದಾಗ ಚಾಟ್‌ನಲ್ಲಿ ಇಲ್ಲ ಅನ್ನೋದೇ ಬೇಡ ಅಂತ ನನ್ನ ಅಭಿಪ್ರಾಯ. ಬೇಲಿಯ ವಿಷಯಕ್ಕೋ ಪಾಲಿನ ವಿಷಯಕ್ಕೋ ಚಿಕ್ಕಪ್ಪ ಕೂರೋಣ ಅಂದರೆ, ಎಷ್ಟು ಮೆತ್ತಗೆ ಬರೆದರೂ ಅದು "ಮೆಸೇಜ್ ಹಾಕಿದ, ಅಷ್ಟೇ" ಅಂತಲೇ ಉಳಿಯುತ್ತದೆ. ಎರಡು ನಿಮಿಷ ಫೋನ್ ಮಾಡಿ. "ಚಿಕ್ಕಪ್ಪ, ಭಾನುವಾರ ಮಾತ್ರ ಆಗ್ತಿಲ್ಲ. ಸೋಮವಾರ ಸಂಜೆ ಆರಕ್ಕೆ ನಾನೇ ಮನೆಗೆ ಬರಲಾ?" ಆಮೇಲೆ ಬೇಕಿದ್ದರೆ ದಿನ ಮತ್ತು ಹೊತ್ತನ್ನು ಮೆಸೇಜ್ ಹಾಕಿ, ಮರೆಯದೇ ಇರೋಕೆ.

ಗುಂಪಿನಲ್ಲಿ ಬಂದ ಕರೆಗೆ ಗುಂಪಿನಲ್ಲಿ ಒಂದು ಸಾಲು ಸಾಕು, ಕಾರಣವನ್ನು ಕರೆದವರಿಗೆ ಬೇರೆಯಾಗಿ ಕಳಿಸಿ. ಗುಂಪಿನಲ್ಲಿ ಒಬ್ಬರು ಕಾರಣ ಬರೆದರೆ ಅದರ ಹಿಂದೆ ಇನ್ನೂ ನಾಲ್ವರು ಕಾರಣ ಬರೆಯುತ್ತಾರೆ, ಮೀಟಿಂಗೇ ನಿಂತುಹೋಗುತ್ತದೆ. ಇದು ನಮ್ಮ ಗುಂಪಿನಲ್ಲೇ ಎರಡು ಸಲ ಆಗಿದೆ.

ಉತ್ತರವೇ ಬರದಿದ್ದರೆ

ಎರಡು ದಿನ ಸೂಚಿಸಿದಿರಿ, ಭಾನುವಾರ ರಾತ್ರಿ ಎಂಟು ದಾಟಿತು, ಅವರಿಂದ ಏನೂ ಬಂದಿಲ್ಲ. ನೀಲಿ ಟಿಕ್ ಇದೆ. ಹೆಬ್ಬೆರಳಿನ ಗುರುತು ಒತ್ತಿದ್ದಾರೆ ಅಂತಲೇ ಇಟ್ಟುಕೊಳ್ಳಿ. ಅದು ಯಾವ ದಿನಕ್ಕೆ ಒಪ್ಪಿಗೆ ಅಂತ ಹೇಳೋಲ್ಲ. ಅದನ್ನು ಖಚಿತ ಅಂತ ತೆಗೆದುಕೊಳ್ಳಬೇಡಿ. "ನೋಡಿದ್ರಾ?" ಅಂತ ಕೇಳೋದಕ್ಕಿಂತ ಎರಡರಲ್ಲಿ ಒಂದನ್ನು ನೀವೇ ಹಿಡಿದು ಬರೆಯಿರಿ:

"ಮೇಡಂ, ಸ್ಯಾಂಪಲ್ ನಾಳೆ ಬೆಳಿಗ್ಗೆ ಹೊರಡುತ್ತದೆ. ಮಾತುಕತೆಗೆ 18 ಗುರುವಾರ ಮಧ್ಯಾಹ್ನ 12 ಅಂತ ಇಟ್ಟುಕೊಂಡಿದ್ದೇನೆ. ನಿಮಗೆ ಶುಕ್ರವಾರ ಅನುಕೂಲ ಆದರೆ ಬುಧವಾರ ರಾತ್ರಿಯೊಳಗೆ ಹೇಳಿ."

ಬುಧವಾರ ರಾತ್ರಿಯೂ ಏನೂ ಬರದಿದ್ದರೆ ಗುರುವಾರ ಬೆಳಿಗ್ಗೆ ಹೊರಡುವ ಮುಂಚೆ ಮನೆಯಿಂದ ಒಂದು ಫೋನ್. ಎತ್ತದಿದ್ದರೆ ಹೊರಡಬೇಡಿ.